ಕಣಜ ತುಂಬುವ ಮುನ್ನ: ಇಟಿಎಲ್ ಹಂತಗಳು ಮತ್ತು ದತ್ತಾಂಶದ ದೋಷಗಳು

ಹಳ್ಳಿಯ ಹಾಲಿನ ಸಂಘದಲ್ಲಿ ಬೆಳಗ್ಗೆ ಅಳೆದ ಹಾಲಿನ ಲೆಕ್ಕ ಒಂದು ಯಂತ್ರದಲ್ಲಿರುತ್ತದೆ. ಅದೇ ಹಾಲು ಟ್ಯಾಂಕರ್ ಏರಿ ಡೇರಿಗೆ ಬಂದಾಗ ತೂಕದ ಲೆಕ್ಕ ಇನ್ನೊಂದು ಕಂಪ್ಯೂಟರಿಗೆ ಸೇರುತ್ತದೆ. ಹಾಲು ಹಾಕಿದವರ ಹೆಸರು, ಬ್ಯಾಂಕ್ ಖಾತೆ, ಬಟವಾಡೆಯ ವಿವರ ಮೂರನೆಯದೊಂದು ತಂತ್ರಾಂಶದಲ್ಲಿ ಇರುತ್ತವೆ. ಈ ಮೂರೂ ತಮ್ಮ ತಮ್ಮ ಕೆಲಸಕ್ಕೆ ಸಾಕು. ಆದರೆ 'ಕಳೆದ ಐದು ವರ್ಷಗಳಲ್ಲಿ ಯಾವ ತಾಲ್ಲೂಕಿನ ಹಾಲು ಎಷ್ಟು ಹೆಚ್ಚಿತು, ದಾರಿಯಲ್ಲಿ ಎಷ್ಟು ಕಡಿಮೆಯಾಯಿತು' ಎಂದು ಯಾರಾದರೂ ಕೇಳಿದರೆ, ಮೂರರಲ್ಲಿ ಯಾವುದೊಂದೂ ಒಂಟಿಯಾಗಿ ಉತ್ತರ ಕೊಡಲಾರದು. ಮೂರನ್ನೂ ಒಂದೆಡೆ ತಂದು, ಒಂದೇ ಭಾಷೆ ಕಲಿಸಿ, ಹಳೆಯದನ್ನು ಅಳಿಸದೆ ವರ್ಷಗಟ್ಟಲೆ ಕೂಡಿಡುವ ಜಾಗವೇ ಡೇಟಾ ವೇರ್‌ಹೌಸ್. ಕನ್ನಡದಲ್ಲಿ ದತ್ತಾಂಶ ಕಣಜ ಎನ್ನಬಹುದು.

ಈ ಬರಹದುದ್ದಕ್ಕೂ ಅಂಥದೊಂದು ಹಾಲು ಒಕ್ಕೂಟವೇ ಉದಾಹರಣೆ. ಒಕ್ಕೂಟ, ಅದರ ಸಂಘಗಳು, ಲೀಟರಿನ ಅಂಕಿಗಳು ಕಲ್ಪಿತ. ಆದರೆ ಇಲ್ಲಿ ಬರುವ ತಪ್ಪುಗಳ ಜಾತಿ ಈ ಕೆಲಸ ಮಾಡುವ ಎಲ್ಲರಿಗೂ ಪರಿಚಿತ.

## ಕಣಜದ ಕಲ್ಪನೆ

ಕಣಜದ ವಿನ್ಯಾಸವನ್ನು ವಿವರಿಸಿದ ಮೊದಲ ಲೇಖನಗಳಲ್ಲಿ ಒಂದನ್ನು 1988ರಲ್ಲಿ ಐಬಿಎಂನ ಬ್ಯಾರಿ ಡೆವ್ಲಿನ್ ಮತ್ತು ಪಾಲ್ ಮರ್ಫಿ ಬರೆದರು. ಬಿಲ್ ಇನ್ಮನ್ 1992ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ತಂದರು. ಕಣಜದಲ್ಲಿರುವುದು ವಿಷಯವಾರು ಜೋಡಿಸಿದ, ಒಂದುಗೂಡಿಸಿದ, ಕಾಲದ ಗುರುತುಳ್ಳ, ಒಮ್ಮೆ ಒಳಗೆ ಹೋದ ಮೇಲೆ ತಿದ್ದದ ಮಾಹಿತಿ ಎಂಬುದು ಅವರ ವ್ಯಾಖ್ಯೆ. 1996ರಲ್ಲಿ ರಾಲ್ಫ್ ಕಿಂಬಾಲ್ ಅದನ್ನು ಎರಡು ಬಗೆಯ ಕೋಷ್ಟಕಗಳಾಗಿ ಕಟ್ಟುವ ಕ್ರಮವನ್ನು ಜನಪ್ರಿಯಗೊಳಿಸಿದರು. ನಡೆದ ಘಟನೆಯ ಅಳತೆ ಒಂದು ಕೋಷ್ಟಕದಲ್ಲಿ: ಯಾವ ದಿನ, ಯಾವ ಹೊತ್ತು, ಎಷ್ಟು ಲೀಟರ್, ಎಷ್ಟು ಫ್ಯಾಟ್. ಆ ಅಳತೆಗೆ ಅರ್ಥ ಕೊಡುವ ವಿವರ ಬೇರೆ ಕೋಷ್ಟಕಗಳಲ್ಲಿ: ಸಂಘ ಯಾವುದು, ಸದಸ್ಯರು ಯಾರು, ತಾಲ್ಲೂಕು ಯಾವುದು. ಮೊದಲನೆಯದಕ್ಕೆ ಫ್ಯಾಕ್ಟ್ ಕೋಷ್ಟಕವೆಂದೂ ಎರಡನೆಯದಕ್ಕೆ ಡೈಮೆನ್ಷನ್ ಕೋಷ್ಟಕವೆಂದೂ ಹೆಸರು.

ಮೂಲ ವ್ಯವಸ್ಥೆಗಳಿಂದ ಮಾಹಿತಿಯನ್ನು ಹೊರತೆಗೆದು, ಪರಿವರ್ತಿಸಿ, ಕಣಜಕ್ಕೆ ತುಂಬುವ ಮೂರು ಹಂತಗಳ ಇಂಗ್ಲಿಷ್ ಮೊದಲಕ್ಷರಗಳೇ ಇಟಿಎಲ್. ಈಚೆಗೆ ಕ್ಲೌಡ್ ಕಣಜಗಳಲ್ಲಿ ಮೊದಲು ತುಂಬಿ, ಆಮೇಲೆ ಅಲ್ಲಿಯೇ ಪರಿವರ್ತಿಸುವ ರೂಢಿ ಬಂದು ಇಎಲ್‌ಟಿ ಎಂಬ ಹೆಸರೂ ಚಾಲ್ತಿಯಲ್ಲಿದೆ. ಅಕ್ಷರಗಳು ಅದಲುಬದಲಾದರೂ ಮುಂದೆ ಹೇಳುವ ತೊಂದರೆಗಳಲ್ಲಿ ಒಂದೂ ಕಡಿಮೆಯಾಗಿಲ್ಲ.

## ಹೊರತೆಗೆಯುವ ಹಂತ

ಪ್ರತಿ ರಾತ್ರಿ ಮೂಲದಲ್ಲಿರುವುದನ್ನೆಲ್ಲ ಮತ್ತೆ ಮತ್ತೆ ನಕಲು ಮಾಡುವುದು ಅತಿ ಸರಳ ಮಾರ್ಗ. ಸಂಘಗಳ ಪಟ್ಟಿಯಂಥ ಸಣ್ಣ ಕೋಷ್ಟಕಕ್ಕೆ ಅದೇ ಒಳ್ಳೆಯದು. ಆದರೆ ದಿನಕ್ಕೆ ಎರಡು ಹೊತ್ತು, ಸಾವಿರಾರು ಸದಸ್ಯರು, ಹಲವು ವರ್ಷ ಎಂದಾಗ ಹಾಗೆ ಮಾಡಿದರೆ ಬೆಳಗಿನ ಹಾಲು ಬರುವ ಹೊತ್ತಿಗೂ ನಕಲು ಮುಗಿದಿರುವುದಿಲ್ಲ. ಆದ್ದರಿಂದ ನಿನ್ನೆಯಿಂದ ಈಚೆಗೆ ಬದಲಾದ ಸಾಲುಗಳನ್ನು ಮಾತ್ರ ತರುತ್ತಾರೆ. ಹಿಂದಿನ ಸಲ ಎಲ್ಲಿಯವರೆಗೆ ಓದಿದೆವು ಎಂಬ ಸಮಯವನ್ನು ಬರೆದಿಟ್ಟುಕೊಂಡು, ಅದಕ್ಕಿಂತ ಈಚಿನ `updated_at` ಇರುವ ಸಾಲುಗಳನ್ನು ಕೇಳುತ್ತಾರೆ.

ಇಲ್ಲಿ ಮೂರು ಹಳ್ಳಗಳಿವೆ. ಒಂದನೆಯದು ತಡವಾಗಿ ಬರುವ ಸಾಲು. 12ನೇ ತಾರೀಕು ಬೆಳಗ್ಗೆ ಅಳೆದ ಹಾಲಿನ ಲೆಕ್ಕ, ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲದೆ 13ರ ಮಧ್ಯಾಹ್ನ ಕೇಂದ್ರಕ್ಕೆ ತಲುಪಿತು ಎನ್ನಿ. 'ಹಾಲಿನ ದಿನಾಂಕ ನಿನ್ನೆಯದಾಗಿದ್ದರೆ ತೆಗೆದುಕೋ' ಎಂಬ ನಿಯಮವಿದ್ದರೆ, 12ರದನ್ನು ಓದುವ ರಾತ್ರಿ ಅದು ಇನ್ನೂ ಬಂದಿರಲಿಲ್ಲ, 13ರದನ್ನು ಓದುವ ರಾತ್ರಿ ಅದರ ದಿನಾಂಕ ಹೊಂದುವುದಿಲ್ಲ. ಆ ಸಂಘದ ಹಾಲು ಕಣಜವನ್ನು ಎಂದೂ ಸೇರುವುದಿಲ್ಲ. ಹಾಲಿನ ದಿನಾಂಕ ಮತ್ತು ಸಾಲು ಬಂದ ಸಮಯ ಎರಡು ಬೇರೆ ಸಂಗತಿಗಳು. ಹೊರತೆಗೆಯುವಾಗ ನೋಡಬೇಕಾದದ್ದು ಎರಡನೆಯದನ್ನು.

ಎರಡನೆಯದು ಗಡಿಯಲ್ಲಿ ಜಾರುವ ಸಾಲು. ಒಂದು ಸಾಲಿನ ಮೇಲೆ 11:59:58ರ ಮುದ್ರೆ ಬಿದ್ದಿದೆ, ಆದರೆ ಅದನ್ನು ಬರೆಯುತ್ತಿದ್ದ ವ್ಯವಹಾರ ಪೂರ್ಣಗೊಂಡು ಇತರರಿಗೆ ಕಾಣಿಸಿದ್ದು 12:00:03ಕ್ಕೆ. ನಡುವೆ, ಸರಿಯಾಗಿ 12 ಗಂಟೆಗೆ ನಮ್ಮ ಕಾರ್ಯಕ್ರಮ ಓದಿ ಹೋಗಿದೆ. ಮರುದಿನ ಅದು '12 ಗಂಟೆಯಿಂದ ಈಚಿನದು ಕೊಡು' ಎನ್ನುತ್ತದೆ. ಈ ಸಾಲಿನ ಮುದ್ರೆ ಅದಕ್ಕಿಂತ ಹಿಂದಿನದು. ಇದಕ್ಕೆ ಮದ್ದು ಸುಲಭ. ಓದುವ ಕಿಟಕಿಯನ್ನು ಬೇಕೆಂದೇ ಎರಡು ಮೂರು ದಿನ ಹಿಂದಕ್ಕೆ ಚಾಚಬೇಕು. ಆಗ ಅದೇ ಸಾಲುಗಳು ಮತ್ತೆ ಬರುತ್ತವೆ, ಬರಲಿ. ಅವನ್ನು ಗುರುತಿಸುವುದು ಮುಂದಿನ ಹಂತದ ಹೊಣೆ.

ಮೂರನೆಯದು ಅಳಿಸಿದ ಸಾಲು. ಸಂಘದ ಕಾರ್ಯದರ್ಶಿ ತಪ್ಪಾಗಿ ಬರೆದ ಒಂದು ಲೆಕ್ಕವನ್ನು ಮಧ್ಯಾಹ್ನ ಅಳಿಸಿದರೆ, ಮೂಲದಲ್ಲಿ ಅದರ ಸುಳಿವೂ ಉಳಿಯುವುದಿಲ್ಲ. ಇಲ್ಲದ ಸಾಲಿಗೆ `updated_at` ಎಲ್ಲಿಂದ ಬರಬೇಕು? ಕಣಜದಲ್ಲಿ ಮಾತ್ರ ಆ ಹಾಲು ಹಾಗೇ ಇರುತ್ತದೆ. ಇದನ್ನು ಹಿಡಿಯಲು ಡೇಟಾಬೇಸ್ ತನಗಾಗಿ ಬರೆದುಕೊಳ್ಳುವ ದಿನಚರಿಯನ್ನೇ ಓದುವ ವಿಧಾನವಿದೆ. ಮೈಎಸ್‌ಕ್ಯೂಎಲ್‌ನಲ್ಲಿ ಅದು ಬಿನ್‌ಲಾಗ್. ಅಲ್ಲಿ ಸೇರಿಸಿದ್ದು, ತಿದ್ದಿದ್ದು, ಅಳಿಸಿದ್ದು ಎಲ್ಲವೂ ದಾಖಲಾಗಿರುತ್ತದೆ. ಅಷ್ಟು ಸೌಕರ್ಯವಿಲ್ಲದಿದ್ದರೆ ವಾರಕ್ಕೊಮ್ಮೆ ಎರಡೂ ಕಡೆಯ ಸಾಲುಗಳ ಗುರುತುಸಂಖ್ಯೆಗಳನ್ನು ಎದುರುಬದುರು ಇಟ್ಟು ನೋಡಬೇಕು.

ಹೊರತೆಗೆದದ್ದನ್ನು ಒಂದಕ್ಷರವನ್ನೂ ತಿದ್ದದೆ ಮೊದಲು ಬೇರೊಂದು ಜಾಗದಲ್ಲಿ ಇಡುತ್ತಾರೆ. ಮುಂದೆ ಪರಿವರ್ತನೆಯ ನಿಯಮವೇ ತಪ್ಪಾಗಿತ್ತೆಂದು ಆರು ತಿಂಗಳ ಮೇಲೆ ತಿಳಿದರೆ, ಈ ಮೂಲಪ್ರತಿಯಿಂದ ಮತ್ತೆ ಶುರು ಮಾಡಬಹುದು. ಜಾಗ ಉಳಿಸಲೆಂದು ಇದನ್ನು ಅಳಿಸುವವರು ಒಮ್ಮೆಯಾದರೂ ಅದಕ್ಕಾಗಿ ಹಲುಬುತ್ತಾರೆ.

## ಇಂಗ್ಲೆಂಡಿನ 15,841 ಸಾಲುಗಳು

ಹೊರತೆಗೆಯುವ ಹಂತದ ತಪ್ಪು ಹೇಗಿರುತ್ತದೆ ಎಂಬುದಕ್ಕೆ 2020ರ ಕೋವಿಡ್ ಕಾಲದ ಇಂಗ್ಲೆಂಡಿಗಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಪ್ರಯೋಗಾಲಯಗಳಿಂದ ಸೋಂಕಿನ ಫಲಿತಾಂಶಗಳು ಸಿಎಸ್‌ವಿ ಕಡತಗಳಾಗಿ ಬರುತ್ತಿದ್ದವು. ಅಂಥ ಕಡತದಲ್ಲಿ ಸಾಲುಗಳಿಗೆ ಮಿತಿಯಿಲ್ಲ. ಅವನ್ನು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಎಕ್ಸೆಲ್‌ನ ಹಳೆಯ `.xls` ರೂಪಕ್ಕೆ ಹಾಕಿಕೊಳ್ಳುತ್ತಿತ್ತು. ಆ ರೂಪದ ಒಂದು ಹಾಳೆಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ, ಮತ್ತು ಒಬ್ಬ ರೋಗಿಯ ವಿವರಕ್ಕೇ ಹಲವು ಸಾಲುಗಳು ಬೇಕಾಗುತ್ತಿದ್ದವು. ಸೋಂಕು ಏರಿದಂತೆ ಹಾಳೆ ತುಂಬಿತು. ತುಂಬಿದ ಮೇಲೆ ಬಂದವು ಸದ್ದಿಲ್ಲದೆ ಬಿದ್ದುಹೋದವು.

ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಪ್ರಕರಣಗಳು ದೈನಂದಿನ ಲೆಕ್ಕದಿಂದ ಹೊರಗುಳಿದವು. ಪರೀಕ್ಷೆ ಮಾಡಿಸಿಕೊಂಡವರಿಗೆ ಅವರವರ ಫಲಿತಾಂಶ ತಲುಪಿತ್ತು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಮಾತ್ರ ಅಷ್ಟು ದಿನ ತಡವಾಯಿತು. ಕಡತದಲ್ಲಿ ಎಷ್ಟು ಸಾಲು ಇತ್ತು, ಈಚೆ ಬಂದದ್ದೆಷ್ಟು ಎಂಬ ಎರಡು ಸಂಖ್ಯೆಗಳನ್ನು ಪ್ರತಿ ರಾತ್ರಿ ಹೋಲಿಸಿದ್ದರೆ ಮೊದಲ ದಿನವೇ ಸಿಕ್ಕಿಬೀಳಬೇಕಾಗಿದ್ದ ತಪ್ಪು ಇದು.

## ಪರಿವರ್ತನೆ: ಎರಡು ಸಾಲುಗಳ ಕತೆ

ಇನ್ನು ನಮ್ಮ ಒಕ್ಕೂಟಕ್ಕೆ ಬರೋಣ. ಮೂಲಪ್ರತಿಯ ಜಾಗದಲ್ಲಿ ಈ ಎರಡು ಸಾಲುಗಳು ಬಂದು ಕೂತಿವೆ. ಅನುಕ್ರಮವಾಗಿ ಸಂಘದ ಸಂಖ್ಯೆ, ದಿನಾಂಕ, ಹೊತ್ತು, ಸದಸ್ಯ ಸಂಖ್ಯೆ, ಹಸುವೋ ಎಮ್ಮೆಯೋ, ಹಾಲಿನ ಪ್ರಮಾಣ, ಫ್ಯಾಟ್, ಎಸ್‌ಎನ್‌ಎಫ್:

```
0127,12/03/2024,AM,0045,COW,6.5,4.1,8.5
127,2024-03-12,M,45,C,6.7,41,8.5
```

ಕಂಪ್ಯೂಟರಿನ ಕಣ್ಣಿಗೆ ಇವು ಸಂಬಂಧವೇ ಇಲ್ಲದ ಎರಡು ಘಟನೆಗಳು. ವಾಸ್ತವದಲ್ಲಿ ಒಂದೇ ಮನೆಯ ಒಂದೇ ಕ್ಯಾನಿನ ಹಾಲು, ಎರಡು ದಾರಿಯಲ್ಲಿ ಬಂದು ಎರಡು ಸಲ ದಾಖಲಾಗಿದೆ. ಮೊದಲ ಸಾಲು ಸಂಘದ ಯಂತ್ರದಿಂದ ನೇರ ಬಂದದ್ದು. ನೆಟ್‌ವರ್ಕ್ ಕೈಕೊಟ್ಟಿತೆಂದು ಭಾವಿಸಿ ಅದೇ ಲೆಕ್ಕವನ್ನು ಎಕ್ಸೆಲ್‌ಗೆ ಹಾಕಿ ಕಳಿಸಿದ್ದು ಎರಡನೆಯದು.

ಸಂಘದ ಸಂಖ್ಯೆಯಿಂದ ಶುರು ಮಾಡೋಣ. `0127` ಎಂಬುದು ಸಂಖ್ಯೆಯಂತೆ ಕಾಣುವ ಹೆಸರು. ಅದನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಎಕ್ಸೆಲ್ ಅದನ್ನು ನಿಜವಾದ ಸಂಖ್ಯೆಯೆಂದು ತಿಳಿದು ಮುಂದಿನ ಸೊನ್ನೆಯನ್ನು ನುಂಗಿತು. ಗುರುತುಸಂಖ್ಯೆಗಳನ್ನು ಪಠ್ಯವಾಗಿಯೇ ಓದಿ, ನಿಗದಿತ ಉದ್ದಕ್ಕೆ ಸೊನ್ನೆ ತುಂಬುವುದು ಪರಿವರ್ತನೆಯ ಮೊದಲ ಕೆಲಸ. ಸದಸ್ಯ ಸಂಖ್ಯೆಗೂ ಇದೇ ಚಿಕಿತ್ಸೆ.

ದಿನಾಂಕ ಇನ್ನೂ ಕಪಟಿ. `12/03/2024` ನಮಗೆ ಮಾರ್ಚ್ 12. ಅಮೆರಿಕದ ಕ್ರಮಕ್ಕೆ ಹೊಂದಿಸಿದ ತಂತ್ರಾಂಶಕ್ಕೆ ಅದು ಡಿಸೆಂಬರ್ 3. ಎರಡೂ ಸಾಧುವಾದ ದಿನಾಂಕಗಳೇ ಆದ್ದರಿಂದ ಯಾವ ದೂರೂ ಬರುವುದಿಲ್ಲ. 13ನೇ ತಾರೀಕು ಬಂದಾಗ ಮಾತ್ರ ಹದಿಮೂರನೆಯ ತಿಂಗಳಿಲ್ಲದೆ ಕಾರ್ಯಕ್ರಮ ಮುಗ್ಗರಿಸುತ್ತದೆ. ಹೀಗಾಗಿ ತಿಂಗಳ ಮೊದಲ 12 ದಿನಗಳ ಹಾಲು ವರ್ಷದ ತುಂಬ ಚೆಲ್ಲಾಪಿಲ್ಲಿಯಾಗಿ, ಉಳಿದ ದಿನಗಳದ್ದು ತಿರಸ್ಕೃತವಾಗುತ್ತದೆ. ಇನ್ನೂ ಕೆಟ್ಟದ್ದು ಬುದ್ಧಿವಂತ ತಂತ್ರಾಂಶ: ಸಾಧ್ಯವಾದಾಗ ಅಮೆರಿಕದ ಕ್ರಮದಲ್ಲಿ, ಇಲ್ಲವಾದಾಗ ನಮ್ಮ ಕ್ರಮದಲ್ಲಿ ಓದಿ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಒಂದೊಂದು ಮೂಲಕ್ಕೂ ದಿನಾಂಕದ ರೂಪ ಯಾವುದೆಂದು ಮನುಷ್ಯರೇ ಬರೆದುಕೊಡಬೇಕು; ಊಹಿಸಲು ಬಿಡಬಾರದು. ಇನ್ನೂ ಬಾರದ ದಿನದ ಹಾಲು ಕಣಜದಲ್ಲಿ ಕಂಡರೆ ಇದೇ ರೋಗವೆಂದು ತಿಳಿಯಬಹುದು.

ಪ್ರಮಾಣದ ಅಂಕಣದಲ್ಲಿ 6.5 ಮತ್ತು 6.7. ಇವು ಬೇರೆ ಬೇರೆ ಅಳತೆಯೇ? ಹಾಲಿನ ಸಾಂದ್ರತೆ ನೀರಿಗಿಂತ ತುಸು ಹೆಚ್ಚು. ಒಂದು ಲೀಟರ್ ಸುಮಾರು 1.03 ಕಿಲೋ ತೂಗುತ್ತದೆ. 6.5 ಲೀಟರನ್ನು 1.03ರಿಂದ ಗುಣಿಸಿದರೆ 6.695, ಅಂದರೆ 6.7 ಕಿಲೋ. ಒಂದು ಲೀಟರಿನಲ್ಲಿದೆ, ಇನ್ನೊಂದು ಕಿಲೋದಲ್ಲಿದೆ. ಕಡತದಲ್ಲಿ ಎಲ್ಲಿಯೂ ಅದನ್ನು ಬರೆದಿಲ್ಲ. ಮೂರು ಪರ್ಸೆಂಟಿನ ವ್ಯತ್ಯಾಸ ಕಣ್ಣಿಗೆ ಹೊಡೆಯುವಂಥದ್ದೂ ಅಲ್ಲ, ಅದೇ ಅದರ ಅಪಾಯ. ಅಳತೆಯ ಮಾನ ಬೆರೆತರೆ ಎಂಥ ಅನಾಹುತವಾದೀತು ಎಂಬುದಕ್ಕೆ 1999ರಲ್ಲಿ ಮಂಗಳ ಗ್ರಹದ ಬಳಿ ನಾಸಾ ಕಳೆದುಕೊಂಡ ಕ್ಲೈಮೇಟ್ ಆರ್ಬಿಟರ್ ನೌಕೆಯೇ ಸಾಕ್ಷಿ. ಒಂದು ತಂತ್ರಾಂಶ ಪೌಂಡ್ ಮಾನದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್ ಮಾನವೆಂದು ತೆಗೆದುಕೊಂಡಿತ್ತು.

ಕೊನೆಗೆ ಫ್ಯಾಟ್. 4.1ರ ದಶಮಾಂಶ ಬಿಂದು ಬಿದ್ದುಹೋಗಿ 41 ಆಗಿದೆ. ಇದನ್ನು ಹಿಡಿಯುವುದು ಸುಲಭ. ಹಸುವಿನ ಹಾಲಿನಲ್ಲಿ ಅಷ್ಟು ಫ್ಯಾಟ್ ಇರಲು ಸಾಧ್ಯವೇ ಇಲ್ಲ. ಹತ್ತರಿಂದ ಭಾಗಿಸಿ ಸರಿಪಡಿಸೋಣ ಎನಿಸುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಅದು ದುಡುಕು. ಫ್ಯಾಟ್ ಮೇಲೆಯೇ ರೈತರ ಹಣ ನಿಂತಿರುವಾಗ, ಊಹೆಯ ತಿದ್ದುಪಡಿ ಮಾಡಿದರೆ ಅದು ತಿದ್ದುಪಡಿ ಎಂಬ ಗುರುತನ್ನಾದರೂ ಸಾಲಿನ ಪಕ್ಕದಲ್ಲಿ ಇಡಬೇಕು, ಮೂಲದ ಅಂಕಿಯನ್ನು ಹಾಗೇ ಉಳಿಸಬೇಕು.

## ನಕಲು ಯಾವುದು, ನಿಜ ಯಾವುದು

ಇಷ್ಟೆಲ್ಲ ಆದ ಮೇಲೆ ಎರಡೂ ಸಾಲುಗಳು ಒಂದೇ ರೂಪಕ್ಕೆ ಬರುತ್ತವೆ, ಆಗಷ್ಟೇ ಅವು ಒಂದರ ನಕಲು ಇನ್ನೊಂದು ಎಂದು ಗೊತ್ತಾಗುತ್ತದೆ. ನಕಲು ತೆಗೆಯುವ ಕೆಲಸ ಯಾವಾಗಲೂ ರೂಪ ಸರಿಪಡಿಸಿದ ಮೇಲೆ ಬರಬೇಕೆನ್ನುವುದು ಇದಕ್ಕೇ.

ಆದರೆ ಯಾವುದನ್ನು ನಕಲು ಎನ್ನಬೇಕು? ಸಂಘ, ದಿನ, ಹೊತ್ತು, ಸದಸ್ಯ ಈ ನಾಲ್ಕೂ ಒಂದೇ ಆದರೆ ನಕಲು ಎಂಬ ನಿಯಮ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಸಂಘದ ಮುಂದೆ ಒಂದು ಬೆಳಗ್ಗೆ ನಿಂತು ನೋಡಿದವರಿಗೆ ಅದು ಸಾಲದೆಂದು ತಿಳಿದಿರುತ್ತದೆ: ಒಂದೇ ಮನೆಯವರು ಹಸುವಿನ ಹಾಲನ್ನೂ ಎಮ್ಮೆಯ ಹಾಲನ್ನೂ ಎರಡು ಕ್ಯಾನುಗಳಲ್ಲಿ ತರುತ್ತಾರೆ. ಹಸು-ಎಮ್ಮೆಯ ಅಂಕಣವನ್ನು ಬಿಟ್ಟು ನಕಲು ತೆಗೆದರೆ ಒಂದು ಕ್ಯಾನು ಲೆಕ್ಕದಿಂದಲೇ ಮಾಯ.

ಇನ್ನೊಂದು ದೋಷವನ್ನು ಯಾವ ಮಿತಿಯ ನಿಯಮವೂ ಹಿಡಿಯಲಾರದು. ಒಂದು ಸಂಘದಲ್ಲಿ ಎಲ್ಲ ಸದಸ್ಯರ ಫ್ಯಾಟ್ ಮೂರು ವಾರಗಳಿಂದ ಸರಿಯಾಗಿ 4.0 ಇದೆ ಎನ್ನಿ. 4.0 ಎಂಬುದು ತಪ್ಪಾದ ಅಂಕಿಯಲ್ಲ. ಒಂದೊಂದು ಸಾಲೂ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಆದರೆ ನೂರು ಹಸುಗಳು ಒಂದೇ ಫ್ಯಾಟ್ ಕೊಡುವುದಿಲ್ಲ. ಪರೀಕ್ಷಾಯಂತ್ರ ಕೆಟ್ಟಿದೆ, ಯಾರೋ ಕೈಯಿಂದ ಒಂದೇ ಅಂಕಿ ತುಂಬುತ್ತಿದ್ದಾರೆ. ಸಾಲುಗಳನ್ನು ಒಂದೊಂದಾಗಿ ನೋಡದೆ ಗುಂಪಾಗಿ ನೋಡಿ, ಅಂಕಿಗಳ ಏರಿಳಿತ ಸೊನ್ನೆಗೆ ಇಳಿದ ಸಂಘಗಳನ್ನು ಹುಡುಕಿದರೆ ಮಾತ್ರ ಇದು ಕಾಣುತ್ತದೆ.

ಖಾಲಿ ಮತ್ತು ಸೊನ್ನೆಯ ಗೊಂದಲವನ್ನೂ ಇಲ್ಲಿಯೇ ಹೇಳಿಬಿಡಬಹುದು. ಒಬ್ಬರ ಮೂರು ದಿನದ ಹಾಲು 6, ಖಾಲಿ, 6 ಎಂದಿದೆ. ಖಾಲಿಯನ್ನು ಸೊನ್ನೆ ಎಂದರೆ ಸರಾಸರಿ 4. ಲೆಕ್ಕಕ್ಕೇ ಹಿಡಿಯದಿದ್ದರೆ 6. ಆ ದಿನ ಅವರು ಹಾಲು ತರಲಿಲ್ಲವೋ, ತಂದದ್ದನ್ನು ಬರೆಯಲಿಲ್ಲವೋ ಎಂಬುದರ ಮೇಲೆ ಸರಿ ಉತ್ತರ ನಿಂತಿದೆ, ಮತ್ತು ಅದು ಕಂಪ್ಯೂಟರಿಗೆ ಗೊತ್ತಿಲ್ಲ.

## ಕನ್ನಡದ ಹೆಸರುಗಳ ತೊಡಕು

ಅಂಕಿಗಿಂತ ಅಕ್ಷರ ಹೆಚ್ಚು ಕಾಡುತ್ತದೆ. ಕನ್ನಡದಲ್ಲಿ ದಾಖಲೆ ಇಡುವ ಕಡೆಗಳಲ್ಲಿ ಮೂರು ಬಗೆಯ ತೊಂದರೆ ಮತ್ತೆ ಮತ್ತೆ ಬರುತ್ತದೆ.

ಮೊದಲನೆಯದು ಹಳೆಯ ನುಡಿ, ಬರಹ ಕಾಲದ ಕಡತಗಳು. ಆಗಿನ ಅಕ್ಷರರೂಪಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸುತ್ತಿದ್ದವು. ಫಾಂಟ್ ಇಲ್ಲದ ಕಡೆ 'ಕನ್ನಡ' ಎಂಬ ಪದವೇ `PÀ£ÀßqÀ` ಎಂದು ಕಾಣುತ್ತದೆ. ಇದನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳಿವೆ. ಆದರೆ ಅದೇ ಅಂಕಣದಲ್ಲಿ ಯಾರೋ ಇಂಗ್ಲಿಷಿನಲ್ಲಿ ಬರೆದ ಹೆಸರೂ ಇದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ತಿಳಿದು ಕಲಸಿಬಿಡುತ್ತದೆ. ಮೊದಲು ಎರಡನ್ನೂ ಬೇರ್ಪಡಿಸಿಕೊಂಡು ಆಮೇಲೆ ತಿರುಗಿಸಬೇಕು.

ಎರಡನೆಯದು ಯುನಿಕೋಡ್‌ನ ಒಳಗೇ ಇದೆ. ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಬಿಡಿಯಾಗಿಯೂ ಬರೆಯಬಹುದು. 'ಹೊಸಪೇಟೆ' ಎಂಬ ಹೆಸರಿನ ಕೂಡಿಸಿದ ರೂಪದಲ್ಲಿ 7 ಸಂಕೇತಗಳಿವೆ. 'ಹೊ' ಮತ್ತು 'ಪೇ' ಅಕ್ಷರಗಳ ಸ್ವರಚಿಹ್ನೆಗಳನ್ನು ಒಡೆದು ಬರೆದರೆ 9. ಪರದೆಯ ಮೇಲೆ ಎರಡೂ ತದ್ರೂಪ. ಕಂಪ್ಯೂಟರ್ ಹೋಲಿಸಿದಾಗ ಬೇರೆ ಬೇರೆ ಊರು. ವರದಿಯಲ್ಲಿ ಒಂದೇ ತಾಲ್ಲೂಕು ಎರಡು ಸಲ ಬಂದು, ಹಾಲು ಎರಡು ಪಾಲಾಗಿರುತ್ತದೆ. ಪೈಥಾನ್‌ನಲ್ಲಿ ಒಂದು ಸಾಲಿನ ಮದ್ದಿದೆ:

```
import unicodedata
name = unicodedata.normalize("NFC", name)
```

ಇದು ಒಡೆದ ಚಿಹ್ನೆಗಳನ್ನು ಕೂಡಿಸುತ್ತದೆ. ಆದರೆ ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿದವರ ತಪ್ಪನ್ನು ತಿದ್ದುವುದಿಲ್ಲ. 'ಬೆಂಗಳೂರು' ಮತ್ತು 'ಬೆ೦ಗಳೂರು' ಓದುವವರಿಗೆ ಒಂದೇ. ಎರಡನೆಯದರಲ್ಲಿ ಇರುವುದು ಅಂಕಿ. ಪದದ ನಡುವೆ ಬರುವ ಕನ್ನಡ ಸೊನ್ನೆಯನ್ನು ಅನುಸ್ವಾರವಾಗಿಸುವ ನಿಯಮವನ್ನು ನಾವೇ ಬರೆದುಕೊಳ್ಳಬೇಕು.

ಮೂರನೆಯದು ಮನುಷ್ಯರ ಹೆಸರು. ಲಕ್ಷ್ಮಮ್ಮ ಎಂಬವರು ಬ್ಯಾಂಕಿನ ದಾಖಲೆಯಲ್ಲಿ `Laxmamma`, ಸಂಘದ ಯಂತ್ರದಲ್ಲಿ `Lakshmamma`. ಉಚ್ಚಾರ ಹೋಲಿಸಿ ಇಬ್ಬರನ್ನೂ ಒಂದು ಮಾಡಬಹುದು ನಿಜ. ಆದರೆ ಒಂದು ಹಳ್ಳಿಯಲ್ಲಿ ಲಕ್ಷ್ಮಮ್ಮ ಎಂಬ ಹೆಸರಿನವರು ನಾಲ್ಕು ಜನ ಇರುತ್ತಾರೆ. ಒಬ್ಬರೇ ಆದವರನ್ನು ಇಬ್ಬರೆಂದು ಬಿಟ್ಟರೆ ವರದಿಯಲ್ಲಿ ಸದಸ್ಯರ ಸಂಖ್ಯೆ ಒಂದು ಹೆಚ್ಚುತ್ತದೆ, ಅಷ್ಟೆ. ಇಬ್ಬರನ್ನು ಒಬ್ಬರೆಂದು ಬೆಸೆದರೆ ಒಬ್ಬರ ಹಾಲು ಇನ್ನೊಬ್ಬರ ಹೆಸರಿಗೆ ಹೋಗುತ್ತದೆ, ಬಿಡಿಸುವುದೂ ಕಷ್ಟ. ಹೆಸರೊಂದನ್ನೇ ನಂಬದೆ ಸಂಘದ ಸಂಖ್ಯೆ, ಬ್ಯಾಂಕ್ ಖಾತೆ ಹೊಂದಿದಾಗ ಮಾತ್ರ ಬೆಸೆಯುವುದು ಒಳ್ಳೆಯದು.

## ಹರಪನಹಳ್ಳಿ ಯಾವ ಜಿಲ್ಲೆ?

ಕಣಜದಲ್ಲಿ ಕಾಲದ ಗುರುತು ಯಾಕೆ ಬೇಕೆಂಬುದಕ್ಕೆ ಹರಪನಹಳ್ಳಿ ತಾಲ್ಲೂಕಿಗಿಂತ ಒಳ್ಳೆಯ ಪಾಠ ಸಿಗದು. ಬಳ್ಳಾರಿ ಜಿಲ್ಲೆಯಲ್ಲಿದ್ದ ಅದು 1997ರಲ್ಲಿ ಹೊಸದಾಗಿ ರೂಪುಗೊಂಡ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರ್ಪಟ್ಟಾಗ ಅದರ ಪಾಲಾಯಿತು. ತಾಲ್ಲೂಕು ಇದ್ದಲ್ಲೇ ಇದೆ, ಹಸುಗಳೂ ಅಲ್ಲೇ ಇವೆ.

ಈಗಿನ ಜಿಲ್ಲೆಯ ಹೆಸರನ್ನು ಹಳೆಯದರ ಮೇಲೆ ಬರೆದುಬಿಟ್ಟರೆ, 2015ರ ಹಾಲೂ ವಿಜಯನಗರದ್ದೆಂದು ತೋರುತ್ತದೆ. ಆಗ ಆ ಜಿಲ್ಲೆಯೇ ಇರಲಿಲ್ಲ. ಅಂದು ಅಚ್ಚಾದ ದಾವಣಗೆರೆಯ ವರದಿಗೂ ಇಂದಿನ ಕಣಜದ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಇದಕ್ಕೆ ಕಿಂಬಾಲ್ ಸೂಚಿಸಿದ ಕ್ರಮದಲ್ಲಿ ಹಳೆಯ ಸಾಲನ್ನು ಮುಚ್ಚಿ, ಹೊಸ ಸಾಲನ್ನು ತೆರೆಯುತ್ತಾರೆ. ನಮ್ಮ `0127` ಸಂಘ ಈ ತಾಲ್ಲೂಕಿನದೆಂದುಕೊಂಡರೆ, ಸಂಘ ಒಂದೇ, ಅದರ ಅವತಾರಗಳು ನಾಲ್ಕು. ಒಂದೊಂದಕ್ಕೂ ಕಣಜದ್ದೇ ಆದ ಕ್ರಮಸಂಖ್ಯೆ:

```
sk   code  taluk         district      from  to
801  0127  Harapanahalli Ballari       1990  1997
802  0127  Harapanahalli Davanagere    1997  2018
803  0127  Harapanahalli Ballari       2018  2021
804  0127  Harapanahalli Vijayanagara  2021  9999
```

ಓದಲು ಸುಲಭವಾಗಲೆಂದು ಇಲ್ಲಿ ವರ್ಷ ಮಾತ್ರ ಹಾಕಿದೆ. ನಿಜವಾದ ಕೋಷ್ಟಕದಲ್ಲಿ ಪೂರ್ಣ ದಿನಾಂಕವೇ ಇರಬೇಕು. 2015ರ ಹಾಲಿನ ಸಾಲು 802ನ್ನು ಹಿಡಿದುಕೊಂಡಿರುತ್ತದೆ, 2024ರದು 804ನ್ನು. ಆಗಿನ ಜಿಲ್ಲೆಯಂತೆ ಲೆಕ್ಕ ಬೇಕಾದರೆ ಅದೂ ಸಿಗುತ್ತದೆ, `0127` ಹಿಡಿದು ಎಲ್ಲ ವರ್ಷಗಳದನ್ನೂ ಕೂಡಿಸಬೇಕಾದರೆ ಅದೂ ಸಿಗುತ್ತದೆ. ತಡವಾಗಿ ಬಂದ ಹಳೆಯ ದಿನಾಂಕದ ಸಾಲು ಇಂದಿನ ಅವತಾರಕ್ಕೆ ಅಂಟಿಕೊಳ್ಳದಂತೆ ನೋಡಿಕೊಳ್ಳುವುದೊಂದೇ ಎಚ್ಚರ.

2014ರ ನವೆಂಬರ್ 1ರಂದು ಬೆಳಗಾವಿ, ವಿಜಯಪುರ, ಕಲಬುರಗಿ ಮೊದಲಾಗಿ 12 ಊರುಗಳ ಹೆಸರು ಬದಲಾದದ್ದು ಬೇರೆ ಜಾತಿಯ ಬದಲಾವಣೆ. ಗಡಿ ಬದಲಾಗಲಿಲ್ಲ, ಬರೆಯುವ ಹೆಸರು ಬದಲಾಯಿತು. ಅದಕ್ಕೆ ಹೊಸ ಅವತಾರ ಬೇಡ. ಹಳೆಯದರ ಮೇಲೆಯೇ ಹೊಸ ಹೆಸರು ಬರೆದರೆ ಸಾಕು. ಜೊತೆಗೆ `Gulbarga` ಎಂದು ಬಂದರೂ ಕಲಬುರಗಿಯೆಂದು ತಿಳಿಯುವ ಒಂದು ಪಟ್ಟಿ ಇಟ್ಟುಕೊಳ್ಳಬೇಕು, ಹಳೆಯ ತಂತ್ರಾಂಶಗಳು ಇನ್ನೂ ಹಾಗೇ ಕಳಿಸುತ್ತಿರುತ್ತವೆ.

## ತುಂಬುವ ಹಂತ

ಮೊದಲು ಸಂಘ, ಸದಸ್ಯರಂಥ ವಿವರದ ಕೋಷ್ಟಕಗಳು, ಆಮೇಲೆ ಹಾಲಿನ ಅಳತೆಯ ಕೋಷ್ಟಕ. ಕ್ರಮ ತಪ್ಪಿದರೆ ಅಳತೆಯ ಸಾಲಿಗೆ ಹಿಡಿದುಕೊಳ್ಳಲು ಆಸರೆ ಸಿಗುವುದಿಲ್ಲ.

ಈ ಹಂತದ ಮುಖ್ಯ ಪ್ರಶ್ನೆ ಒಂದೇ: ಅರ್ಧಕ್ಕೆ ನಿಂತರೆ ಏನು? ರಾತ್ರಿ ಎರಡು ಗಂಟೆಗೆ ಕರೆಂಟು ಹೋಗಿ, 200 ಸಾಲುಗಳಲ್ಲಿ 120 ಮಾತ್ರ ಒಳಗೆ ಹೋಗಿದ್ದರೆ, ಬೆಳಗ್ಗೆ ಬಂದವರು ಮತ್ತೆ ಓಡಿಸುತ್ತಾರೆ. ಬರೀ ಸೇರಿಸುತ್ತ ಹೋಗುವ ಕಾರ್ಯಕ್ರಮವಾದರೆ ಆ 120 ಎರಡೆರಡು ಸಲ ಸೇರುತ್ತವೆ. ಎಷ್ಟು ಸಲ ಓಡಿಸಿದರೂ ಫಲ ಒಂದೇ ಆಗಿರುವಂತೆ ಬರೆಯಬೇಕು. ದಿನದ ಲೆಕ್ಕವನ್ನು ಪೂರ್ತಿ ತೆಗೆದು ಪೂರ್ತಿ ಹಾಕುವುದು ಒಂದು ದಾರಿ:

```
BEGIN;
DELETE FROM fact_milk WHERE milk_date = '2024-03-12';
INSERT INTO fact_milk
SELECT * FROM stage_milk WHERE milk_date = '2024-03-12';
COMMIT;
```

`BEGIN` ಮತ್ತು `COMMIT` ನಡುವಿನದು ಪೂರ್ತಿ ಆಗುತ್ತದೆ ಅಥವಾ ಏನೂ ಆಗುವುದಿಲ್ಲ. ಆದರೆ `stage_milk`ನಲ್ಲಿ ಆ ದಿನದ ಎಲ್ಲ ಸಾಲುಗಳೂ ಇರಬೇಕು. ತಡವಾಗಿ ಬಂದ ಒಂದು ಸಂಘದ ಸಾಲುಗಳಷ್ಟೇ ಅಲ್ಲಿದ್ದಾಗ ಇದನ್ನು ಓಡಿಸಿದರೆ ಉಳಿದ ಸಂಘಗಳ ಆ ದಿನದ ಹಾಲು ಅಳಿಸಿಹೋಗುತ್ತದೆ.

## ಟ್ಯಾಂಕರ್ ಚಾಲಕನ ಮೇಲೆ ಬರಬಹುದಾಗಿದ್ದ ಅಪವಾದ

ಕೆಲಸ ಮುಗಿದಾಗ ಪರದೆಯ ಮೇಲೆ ಹಸಿರು ಗುರುತು ಬರುತ್ತದೆ. ಕಾರ್ಯಕ್ರಮ ಕೊನೆಯವರೆಗೆ ಓಡಿತು ಎಂಬುದಷ್ಟೇ ಅದರ ಅರ್ಥ. ಹಾಲಿನ ಲೆಕ್ಕ ಸರಿಯಿದೆಯೇ ಎಂದು ತಿಳಿಯಲು ತಾಳೆ ನೋಡಬೇಕು.

ಮಾರ್ಚ್ 12ರ ಬೆಳಗ್ಗೆ ಒಂದು ಟ್ಯಾಂಕರ್ ದಾರಿಯ ಸಂಘಗಳಿಂದ 214 ಸಾಲುಗಳು ಬಂದವು. ಲೀಟರಿಗೆ ತಿರುಗಿಸಿದ ಮೇಲೆ ಒಟ್ಟು 1,391. ಅವುಗಳಲ್ಲಿ 11 ಸಾಲುಗಳು, 71.5 ಲೀಟರ್, ನಕಲು. 3 ಸಾಲುಗಳು, 19.5 ಲೀಟರ್, ತಿರಸ್ಕೃತ. ಕಣಜಕ್ಕೆ ಹೋದದ್ದು 200 ಸಾಲುಗಳು, 1,300 ಲೀಟರ್. ಸಾಲುಗಳೂ ಕೂಡುತ್ತವೆ, ಲೀಟರುಗಳೂ ಕೂಡುತ್ತವೆ. ದಾರಿಯಲ್ಲಿ ಯಾವುದೂ ಕಳೆದುಹೋಗಿಲ್ಲ. ಎರಡನ್ನೂ ನೋಡಬೇಕು, ಏಕೆಂದರೆ ಸಾಲುಗಳ ಸಂಖ್ಯೆ ಸರಿಯಿದ್ದೂ ಒಳಗಿನ ಅಂಕಿ ಕೆಟ್ಟಿರಬಹುದು.

ಇದು ನಮ್ಮ ಮನೆಯೊಳಗಿನ ತಾಳೆ. ಹೊರಗಿನ ಸಾಕ್ಷಿ ಡೇರಿಯ ತೂಕದ ಲೆಕ್ಕ: ಟ್ಯಾಂಕರಿನಲ್ಲಿ ಬಂದದ್ದು 1,357 ಕಿಲೋ. ಕಣಜದ 1,300 ಲೀಟರನ್ನು ಕಿಲೋಗೆ ತಿರುಗಿಸಿದರೆ 1,339. ಅಂದರೆ ಸಂಘಗಳು ಕೊಟ್ಟದ್ದಕ್ಕಿಂತ 18 ಕಿಲೋ ಹೆಚ್ಚು ಹಾಲು ಡೇರಿ ಸೇರಿದೆ! ಹಾಲು ದಾರಿಯಲ್ಲಿ ಹೆಚ್ಚುವುದಿಲ್ಲ. ತಿರಸ್ಕೃತವಾದ 19.5 ಲೀಟರ್, ಅಂದರೆ ಸುಮಾರು 20 ಕಿಲೋ, ಸೇರಿಸಿ ನೋಡಿ: 1,359. ಈಗ 2 ಕಿಲೋ ಕಡಿಮೆ, ಕ್ಯಾನು ಬಗ್ಗಿಸುವಾಗ ಚೆಲ್ಲಿದ್ದೆಂದು ನಂಬಬಹುದಾದಷ್ಟು. ತಿರಸ್ಕರಿಸಿದ ಸಾಲುಗಳಲ್ಲಿ ದೋಷವಿತ್ತು, ಹಾಲು ನಿಜವಾಗಿತ್ತು.

ಈ ಸಾಲುಗಳ ಜೊತೆಗೆ ಆ 11 ನಕಲುಗಳೂ ಕಣಜದೊಳಗೆ ಹೋಗಿದ್ದರೆ? 71.5 ಲೀಟರ್ ಎಂದರೆ ಸುಮಾರು 74 ಕಿಲೋ. ಆಗ ಸಂಘಗಳು ಕೊಟ್ಟ ಹಾಲಿನಲ್ಲಿ ಅಷ್ಟಾದರೂ ಡೇರಿಗೆ ಬಂದೇ ಇಲ್ಲವೆಂದು ವರದಿ ಹೇಳುತ್ತಿತ್ತು, ಮತ್ತು ಸಂಘಕ್ಕೂ ಡೇರಿಗೂ ನಡುವೆ ಇದ್ದ ಮನುಷ್ಯ ಟ್ಯಾಂಕರ್ ಚಾಲಕ ಒಬ್ಬನೇ. ಲೀಟರು ಕಿಲೋ ಬೆರೆತಿದ್ದರೆ ಇದರ ತಿರುವುಮುರುವು: 1,300ರ ಎದುರು 1,357 ಕಂಡು ಎಲ್ಲರಿಗೂ ಸಮಾಧಾನ, ನಡುವೆ 30 ಕಿಲೋ ನಿಜವಾಗಿ ಕದ್ದಿದ್ದರೂ ಗೊತ್ತಾಗುತ್ತಿರಲಿಲ್ಲ.

ತಿರಸ್ಕೃತ ಸಾಲುಗಳನ್ನು ಒಂದು ಕೋಷ್ಟಕದಲ್ಲಿ ಕಾರಣದ ಸಮೇತ ಇಡುವುದು ರೂಢಿ. ಅದನ್ನು ತೆರೆದು ನೋಡುವವರು ಯಾರೆಂದು ನಿಗದಿಯಾಗದಿದ್ದರೆ ಅದು ಕಸದ ಬುಟ್ಟಿ. ಈ ದಿನದ ಮೂರರಲ್ಲಿ ಎರಡು, 6 ಮತ್ತು 7 ಲೀಟರಿನವು, ಹಿಂದಿನ ದಿನವಷ್ಟೇ ಸೇರಿದ ಹೊಸ ಸದಸ್ಯರವು; ಅವರ ಸಂಖ್ಯೆ ಕೇಂದ್ರದ ಪಟ್ಟಿಗೆ ಇನ್ನೂ ಬಂದಿರಲಿಲ್ಲ. ಇಂಥವನ್ನು ತಡೆಯುವುದಕ್ಕಿಂತ 'ತಿಳಿಯದ ಸದಸ್ಯ' ಎಂಬ ಸಾಲಿನ ಹೆಸರಿಗೆ ಹಾಕಿ ಒಳಗೆ ಬಿಡುವುದು ಸರಿ. ಒಟ್ಟು ಹಾಲು ಆ ದಿನವೇ ತಾಳೆಯಾಗುತ್ತದೆ, ಹೆಸರು ಬಂದ ಮೇಲೆ ಬದಲಿಸಿಕೊಂಡರಾಯಿತು. ಉಳಿದ 6.5 ಲೀಟರಿನ ಸಾಲಿನಲ್ಲಿ ಫ್ಯಾಟ್ 52 ಎಂದಿತ್ತು. ಅದು 5.2 ಇರಬೇಕೆಂದು ಎಲ್ಲರಿಗೂ ಅನ್ನಿಸಿತು. ಸಂಘಕ್ಕೆ ಫೋನು ಮಾಡಿ ಪುಸ್ತಕ ತೆಗೆಸಿದಾಗ ಅಲ್ಲಿ ಬರೆದಿದ್ದದ್ದು 4.2.